ಎರಡು ಕಾಸ್ ಡೆಲ್ಟಾ ಎಲ್ಲಿಂದ ಬಂತು?

ಸ್ಪರ್ ಗೇರಿನ ಹೊರವ್ಯಾಸ ಎಷ್ಟು ಅಂತ ಮೆಕ್ಯಾನಿಕಲ್ ಹುಡುಗರನ್ನ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಉತ್ತರ ರೆಡಿ ಇರುತ್ತೆ: ಹಲ್ಲಿನ ಸಂಖ್ಯೆಗೆ ಎರಡು ಕೂಡಿಸು, ಮಾಡ್ಯೂಲಿನಿಂದ ಗುಣಿಸು. ಅದೇ ಪ್ರಶ್ನೆಯನ್ನ ಬೆವೆಲ್ ಗೇರಿಗೆ ಕೇಳಿ ನೋಡಿ. ಕೈ ನೇರವಾಗಿ ಡೇಟಾ ಹ್ಯಾಂಡ್‌ಬುಕ್ಕಿಗೆ ಹೋಗುತ್ತೆ. ಅಲ್ಲಿ m(z + 2 cos δ) ಅಂತ ಒಂದು ಸಾಲು ಇರುತ್ತೆ, ಅದಕ್ಕೆ ಸಂಖ್ಯೆ ತುಂಬಿ, ಕ್ಯಾಲ್ಕುಲೇಟರ್ ಒತ್ತಿ, ಉತ್ತರದ ಕೆಳಗೆ ಎರಡು ಗೆರೆ ಎಳೆದು ಮುಂದಿನ ಪ್ರಶ್ನೆಗೆ ಹೋಗ್ತೇವೆ. ಆ ಕಾಸ್ ಯಾಕೆ ಬಂತು, ಸೈನ್ ಯಾಕಲ್ಲ, ಅದು ಪಿನಿಯನ್ನಿನ ಕೋನವೋ ಗೇರಿನ ಕೋನವೋ ಅಂತ ಯಾರೂ ನಿಲ್ಲಿಸಿ ಕೇಳಲ್ಲ.

ಕೇಳಲೇಬೇಕು ಅನ್ನೋದು ನಮ್ಮ ವಾದ. ಬೆವೆಲ್ ಗೇರಿನ ಲೆಕ್ಕಕ್ಕೆ ಮಾರ್ಕ್ಸ್ ಕೊಡುವಾಗ ಕೊನೆಯ ಸಂಖ್ಯೆಗಿಂತ ಮೊದಲು ಒಂದು ಚಿತ್ರಕ್ಕೆ ಕೊಡಬೇಕು. ಆ ಚಿತ್ರ ಬರೀ ಒಂದು ಆಯತ. ಅದನ್ನ ಬಿಡಿಸಲು ಬಂದವರಿಗೆ ಸೂತ್ರ ನೆನಪಿಡುವ ಅಗತ್ಯವೇ ಇಲ್ಲ. ಬಿಡಿಸಲು ಬಾರದವರಿಗೆ ಸೂತ್ರ ಕೈಯಲ್ಲಿದ್ದರೂ ನಿಜವಾದ ಗೇರ್ ಎದುರಿಗೆ ಬಂದಾಗ ಅದು ಕೆಲಸಕ್ಕೆ ಬರಲ್ಲ. ಯಾಕೆ ಅಂತ ಒಂದು ಜೋಡಿ ಗೇರ್ ಇಟ್ಟುಕೊಂಡೇ ನೋಡೋಣ.

ಆಯತ ಮತ್ತು ಅದರ ಕರ್ಣ

ಪಿನಿಯನ್ನಿಗೆ 16 ಹಲ್ಲು, ಗೇರಿಗೆ 48 ಹಲ್ಲು, ಮಾಡ್ಯೂಲ್ 3 ಮಿ.ಮೀ., ಎರಡು ಶಾಫ್ಟ್‌ಗಳ ನಡುವೆ 90 ಡಿಗ್ರಿ. ನೇರ ಹಲ್ಲಿನ ಬೆವೆಲ್. ಪಿಚ್ ವ್ಯಾಸ ತೆಗೆಯುವುದು ಸ್ಪರ್ ಗೇರಿನ ಹಾಗೇ: ಮಾಡ್ಯೂಲ್ ಗುಣಿಸು ಹಲ್ಲು. ಪಿನಿಯನ್ 48 ಮಿ.ಮೀ., ಗೇರ್ 144 ಮಿ.ಮೀ. ಒಂದು ಎಚ್ಚರ ಮಾತ್ರ ಬೇಕು. ಬೆವೆಲ್ ಗೇರಿನ ಹಲ್ಲು ಒಂದು ತುದಿಯಲ್ಲಿ ದಪ್ಪ, ಇನ್ನೊಂದು ತುದಿಯಲ್ಲಿ ಸಣ್ಣ. ನಾವು ಹೇಳುವ ಮಾಡ್ಯೂಲ್ ದಪ್ಪ ತುದಿಯದ್ದು. ಪಿಚ್ ವ್ಯಾಸವೂ ಅಲ್ಲಿಯದ್ದೇ, ಹೊರವ್ಯಾಸವೂ ಅಲ್ಲಿಯದ್ದೇ.

ಈಗ ಕಾಗದದ ಮೇಲೆ ಎರಡು ಗೆರೆ ಎಳೀರಿ, ಒಂದು ಅಡ್ಡ, ಒಂದು ಉದ್ದ. ಅಡ್ಡಗೆರೆ ಪಿನಿಯನ್ನಿನ ಶಾಫ್ಟ್, ಉದ್ದಗೆರೆ ಗೇರಿನ ಶಾಫ್ಟ್. ಅವು ಸೇರುವ ಬಿಂದು ಎರಡೂ ಶಂಕುಗಳ ಶಿಖರ. ಎರಡು ಐಸ್‌ಕ್ರೀಮ್ ಕೋನ್‌ಗಳನ್ನ ಚೂಪು ತುದಿಗೆ ಚೂಪು ತುದಿ ತಾಗಿಸಿ, ಮೈಗೆ ಮೈ ಒರಗಿಸಿ ಇಟ್ಟ ಹಾಗೆ. ಅವು ಒಂದಕ್ಕೊಂದು ತಾಗುವ ಗೆರೆ ಶಿಖರದಿಂದ ಹೊರಟು ದಪ್ಪ ತುದಿಯಲ್ಲಿ ಒಂದು ಬಿಂದುವಿಗೆ ಮುಟ್ಟುತ್ತೆ. ಆ ಬಿಂದುವನ್ನ P ಅನ್ನೋಣ. P ಪಿನಿಯನ್ನಿನ ಮೇಲೂ ಇದೆ, ಗೇರಿನ ಮೇಲೂ ಇದೆ. ಹಾಗಾಗಿ ಪಿನಿಯನ್ನಿನ ಅಕ್ಷದಿಂದ P ಇರುವ ದೂರ ಪಿನಿಯನ್ನಿನ ಪಿಚ್ ತ್ರಿಜ್ಯ, ಅಂದರೆ 24. ಗೇರಿನ ಅಕ್ಷದಿಂದ ಅದರ ದೂರ ಗೇರಿನ ಪಿಚ್ ತ್ರಿಜ್ಯ, ಅಂದರೆ 72.

ಅಷ್ಟೇ, ಆಯತ ಸಿಕ್ಕಿತು: ಅಗಲ 72, ಎತ್ತರ 24. ಶಿಖರದಿಂದ P ಗೆ ಎಳೆದ ಕರ್ಣವೇ ಎರಡೂ ಶಂಕುಗಳು ತಾಗುವ ಗೆರೆ. ಈ ಕರ್ಣ ಪಿನಿಯನ್ನಿನ ಶಾಫ್ಟ್ ಜೊತೆ ಮಾಡುವ ಕೋನ ಪಿನಿಯನ್ನಿನ ಪಿಚ್ ಕೋನ್ ಆಂಗಲ್, ಗೇರಿನ ಶಾಫ್ಟ್ ಜೊತೆ ಮಾಡುವ ಕೋನ ಗೇರಿನದ್ದು. ಹೈಸ್ಕೂಲ್ ತ್ರಿಕೋನಮಿತಿ ಸಾಕು:

```
tan δ1 = 24/72 = z1/z2 = 16/48   →  δ1 = 18.43°
δ2 = 90° − 18.43°                →  δ2 = 71.57°
R  = √(24² + 72²)                →  R  = 75.89 mm
```

ಮಾಡ್ಯೂಲ್ ಮೇಲೂ ಕೆಳಗೂ ಇದ್ದದ್ದರಿಂದ ಹೊಡೆದುಹೋಯಿತು, ಕೋನಕ್ಕೆ ಹಲ್ಲಿನ ಸಂಖ್ಯೆ ಮಾತ್ರ ಉಳಿಯಿತು. ಇದರಿಂದ ಒಂದು ವಿಷಯ ಹೊರಬೀಳುತ್ತೆ. ಪಿನಿಯನ್ನಿನ ಕೋನದ ಲೆಕ್ಕದಲ್ಲಿ ಗೇರಿನ ಹಲ್ಲಿನ ಸಂಖ್ಯೆಯೂ ಇದೆ. ಅಂದರೆ ಬೆವೆಲ್ ಗೇರ್ ಒಂಟಿ ವಸ್ತುವೇ ಅಲ್ಲ, ಅದು ಒಂದು ಜೋಡಿಯ ಅರ್ಧ.

ಸ್ಪರ್ ಗೇರಿನಲ್ಲಿ 16 ಹಲ್ಲಿನ, ಮಾಡ್ಯೂಲ್ 3 ರ ಪಿನಿಯನ್ ತಂದರೆ ಅದೇ ಮಾಡ್ಯೂಲಿನ, ಅದೇ ಪ್ರೆಶರ್ ಆಂಗಲ್ಲಿನ ಯಾವ ಗೇರಿಗೆ ಬೇಕಾದರೂ ಹಾಕಬಹುದು. ಬೆವೆಲ್‌ನಲ್ಲಿ ಆ ಸ್ವಾತಂತ್ರ್ಯ ಇಲ್ಲ. ಪ್ರಾಜೆಕ್ಟಿಗೆ ಅಂತ ಅಂಗಡಿಗೆ ಹೋಗಿ "16 ಹಲ್ಲು, ಮಾಡ್ಯೂಲ್ 3, ಬೆವೆಲ್ ಪಿನಿಯನ್ ಒಂದು ಕೊಡಿ" ಅಂದರೆ ಅಂಗಡಿಯವರು ಒಂದಕ್ಕೊಂದು ಅನುಪಾತದ ಮೈಟರ್ ಗೇರ್ ಕೊಡಬಹುದು. ಅವರ ತಪ್ಪೇನಿಲ್ಲ, ನೀವು ಕೇಳಿದ್ದೇ ಕೊಟ್ಟಿದ್ದಾರೆ. ಆದರೆ ಅದರ ಕೋನ 45 ಡಿಗ್ರಿ. ಅದನ್ನ ನಮ್ಮ 48 ಹಲ್ಲಿನ ಗೇರಿನ ಜೊತೆ ಶಿಖರಕ್ಕೆ ಶಿಖರ ಸೇರಿಸಿ ಇಟ್ಟರೆ ಶಾಫ್ಟ್‌ಗಳ ನಡುವಿನ ಕೋನ 45 ಕೂಡಿಸು 71.57, ಅಂದರೆ 116.57 ಡಿಗ್ರಿ. ನಿಮ್ಮ ಗೇರ್‌ಬಾಕ್ಸ್ ಮಾತ್ರ 90 ಕ್ಕೆ ಕೊರೆದು ಕೂತಿರುತ್ತೆ. ಪಿಚ್ ವ್ಯಾಸ ಒಂದೇ, ಹಲ್ಲು ಒಂದೇ, ಮಾಡ್ಯೂಲ್ ಒಂದೇ, ಆದರೂ ಕೂರಲ್ಲ. ಆಯತ ಬಿಡಿಸಿದವರು ಅಂಗಡಿಯಲ್ಲಿ "16 ಕ್ಕೆ 48 ರ ಜೋಡಿ, ಶಾಫ್ಟ್ 90 ಡಿಗ್ರಿ" ಅಂತ ಕೇಳ್ತಾರೆ.

ಹಲ್ಲು ಓರೆಯಾಗಿ ನಿಂತಿದೆ

ಈಗ ಹೊರವ್ಯಾಸ. ಸ್ಪರ್ ಗೇರಿನಲ್ಲಿ ಅಡೆಂಡಮ್, ಅಂದರೆ ಪಿಚ್ ವೃತ್ತದಿಂದ ಹಲ್ಲಿನ ತುದಿಯವರೆಗಿನ ಎತ್ತರ, ಒಂದು ಮಾಡ್ಯೂಲ್. ಅದು ಅಕ್ಷದಿಂದ ನೇರ ಹೊರಕ್ಕೆ ಚಾಚಿರುತ್ತೆ. ಆದ್ದರಿಂದ ಎರಡೂ ಕಡೆ ಸೇರಿ ವ್ಯಾಸಕ್ಕೆ 2m ಕೂಡುತ್ತೆ. ಬೆವೆಲ್‌ನಲ್ಲೂ ಅಡೆಂಡಮ್ ಒಂದು ಮಾಡ್ಯೂಲೇ, ಆದರೆ ಅದನ್ನ ಅಳೆಯುವುದು ಶಂಕುವಿನ ಮೈಗೆ ಲಂಬವಾಗಿ. ಶಂಕುವಿನ ಮೈ ಓರೆ, ಹಾಗಾಗಿ ಹಲ್ಲೂ ಓರೆ.

ಆಯತಕ್ಕೆ ವಾಪಸ್ ಬನ್ನಿ. P ಬಿಂದುವಿನಲ್ಲಿ ಕರ್ಣಕ್ಕೆ ಲಂಬವಾಗಿ ಆಚೆ 3 ಮಿ.ಮೀ., ಈಚೆ 3 ಮಿ.ಮೀ. ಒಂದು ಚಿಕ್ಕ ಗೆರೆ ಎಳೀರಿ. ಪಿನಿಯನ್ನಿನ ಅಕ್ಷದಿಂದ ದೂರ ಹೋಗುವ ತುದಿ ಪಿನಿಯನ್ನಿನ ಹಲ್ಲಿನ ತುದಿ. ಇನ್ನೊಂದು ಗೇರಿನ ಹಲ್ಲಿನ ತುದಿ. ಪಿನಿಯನ್ನಿನ ಕರ್ಣ ಹೆಚ್ಚು ಓರೆಯಿಲ್ಲ, ಬರೀ 18.43 ಡಿಗ್ರಿ. ಆದ್ದರಿಂದ ಆ 3 ಮಿ.ಮೀ. ಹೆಚ್ಚುಕಮ್ಮಿ ಪೂರ್ತಿ ಹೊರಕ್ಕೇ ಹೋಗುತ್ತೆ: 3 × cos 18.43°, ಅಂದರೆ 2.85. ಗೇರಿನ ಕಡೆ ನೋಡಿದರೆ ಕಥೆ ಉಲ್ಟಾ. ಗೇರಿನ ಶಂಕು ತಟ್ಟೆಯ ಹಾಗೆ ಚಪ್ಪಟೆ. ಅದರ ಹಲ್ಲು ಹೊರಕ್ಕೆ ಚಾಚುವುದಕ್ಕಿಂತ ಮುಂದಕ್ಕೆ, ಶಾಫ್ಟಿನ ದಿಕ್ಕಿನಲ್ಲಿ ಚಾಚುತ್ತೆ. ಹೊರಕ್ಕೆ ಹೋಗೋದು 3 × cos 71.57°, ಅಂದರೆ 0.95 ಮಾತ್ರ. ಉಳಿದದ್ದು ಶಾಫ್ಟಿನ ದಿಕ್ಕಿಗೆ.

```
da1 =  48 + 2 × 3 × cos 18.43° =  48 + 5.69 =  53.69 mm
da2 = 144 + 2 × 3 × cos 71.57° = 144 + 1.90 = 145.90 mm
```

ಆ ಕಾಸ್ ಬಂದದ್ದು ಇಷ್ಟರಿಂದಲೇ. ಅಡೆಂಡಮ್ಮಿನ ಎಷ್ಟು ಭಾಗ ವ್ಯಾಸಕ್ಕೆ ಸೇರುತ್ತೆ ಅನ್ನೋದನ್ನ ಅದು ಹೇಳುತ್ತೆ. ಕೋನ ಸೊನ್ನೆಯಾದರೆ ಕಾಸ್ ಒಂದು, ಪೂರ್ತಿ 2m ವ್ಯಾಸಕ್ಕೆ ಸೇರುತ್ತೆ, ಅದೇ ನಮ್ಮ ಸ್ಪರ್ ಗೇರ್. ಕೋನ 90 ಆದರೆ ಕಾಸ್ ಸೊನ್ನೆ, ಹಲ್ಲುಗಳೆಲ್ಲ ಕಿರೀಟದ ಹಾಗೆ ಮುಂದಕ್ಕೆ ಎದ್ದು ನಿಲ್ಲುತ್ತವೆ, ಹೊರವ್ಯಾಸವೂ ಪಿಚ್ ವ್ಯಾಸವೂ ಒಂದೇ. ಅದಕ್ಕೇ ಅದನ್ನ ಕ್ರೌನ್ ಗೇರ್ ಅನ್ನೋದು. ಎಲ್ಲ ಬೆವೆಲ್ ಗೇರ್‌ಗಳೂ ಈ ಎರಡು ತುದಿಗಳ ನಡುವೆ ಎಲ್ಲೋ ಇರುತ್ತವೆ. ಪರೀಕ್ಷೆಯಲ್ಲಿ ಕಾಸೋ ಸೈನೋ ಅಂತ ಅನುಮಾನ ಬಂದರೆ ಕೋನ ಸೊನ್ನೆ ಹಾಕಿ ನೋಡಿ, ಸ್ಪರ್ ಗೇರ್ ಬರಲೇಬೇಕು.

ಉತ್ತರ ಸರಿಯಿದೆಯಾ ಅಂತ ನೋಡಲು ಇದೇ ಆಯತ ಇನ್ನೊಂದು ದಾರಿಯನ್ನೂ ಕೊಡುತ್ತೆ. ವ್ಯಾಸಕ್ಕೆ ಸೇರಿದ ಹೆಚ್ಚಳ ಪಿನಿಯನ್ನಿಗೆ 5.69, ಗೇರಿಗೆ 1.90. ಅನುಪಾತ ಮೂರಕ್ಕೆ ಒಂದು. ಹಲ್ಲಿನ ಅನುಪಾತ ಒಂದಕ್ಕೆ ಮೂರು. ಹೆಚ್ಚಳ ಹಲ್ಲಿಗೆ ತಲೆಕೆಳಗಾಗಿ ಹಂಚಿಕೆಯಾಗುತ್ತೆ, ಚಿಕ್ಕವನಿಗೆ ಹೆಚ್ಚು, ದೊಡ್ಡವನಿಗೆ ಕಮ್ಮಿ. ನಿಮ್ಮ ಉತ್ತರದಲ್ಲಿ ಗೇರಿನ ಹೆಚ್ಚಳ ಪಿನಿಯನ್ನಿನದ್ದಕ್ಕಿಂತ ಜಾಸ್ತಿ ಬಂದಿದ್ದರೆ ಕೋನಗಳು ಅದಲುಬದಲಾಗಿವೆ ಅಂತಲೇ ಅರ್ಥ. ಇದನ್ನ ಹಿಡಿಯಲು ಕ್ಯಾಲ್ಕುಲೇಟರ್ ಕೂಡ ಬೇಡ.

ಯಾಕೆ ತಪ್ಪು ಸೂತ್ರ ಇಷ್ಟು ದಿನ ಬದುಕುತ್ತೆ

ಬೆವೆಲ್‌ಗೂ m(z + 2) ಹಾಕಿಬಿಟ್ಟರೆ ಏನಾಗುತ್ತೆ? ಪಿನಿಯನ್ನಿಗೆ 54 ಬರುತ್ತೆ. ನಿಜವಾದದ್ದು 53.69. ಮೂರು ಹತ್ತಾಂಶ ಮಿ.ಮೀ. ವ್ಯತ್ಯಾಸ, ವರ್ನಿಯರ್ ಹಿಡಿದವರು "ಚೂಪು ಅಂಚು ಹೊಡೆದಿದ್ದಾರೆ, ಅದಕ್ಕೇ ಕಮ್ಮಿ" ಅಂತ ಸಮಾಧಾನ ಮಾಡ್ಕೊಂಡು ಬಿಡ್ತಾರೆ. ಪಿನಿಯನ್ ಮೇಲೆ ತಪ್ಪು ಸೂತ್ರ ಪಾಸಾಗಿಬಿಡುತ್ತೆ. ಗೇರಿನ ಹತ್ತಿರ ಬಂದರೆ 150 ಬರುತ್ತೆ. ನಿಜವಾದದ್ದು 145.90. ನಾಲ್ಕು ಮಿ.ಮೀ.ಗೂ ಹೆಚ್ಚು!

ಬ್ಲ್ಯಾಂಕನ್ನ 150 ಕ್ಕೆ ತಿರುಗಿಸಿದರೆ ಹೆಚ್ಚುವರಿ ಲೋಹ ವ್ಯರ್ಥವಾಗುವುದು ಸಣ್ಣ ನಷ್ಟ. ದೊಡ್ಡದು ಮುಂದಿದೆ. ಹಲ್ಲು ಕತ್ತರಿಸುವವರು ಕಟ್ಟರನ್ನ ಬ್ಲ್ಯಾಂಕಿನ ಹೊರ ಅಂಚಿಗೆ ತಾಗಿಸಿ, ಅಲ್ಲಿಂದ ಹಲ್ಲಿನ ಆಳ ಎಣಿಸಿದರೆ, ಆ ಅಂಚೇ ತಪ್ಪು ಜಾಗದಲ್ಲಿ ಇರುತ್ತೆ. ಅಂಚು ಸರಿದಷ್ಟು ಹಲ್ಲೂ ಸರಿಯುತ್ತೆ, ಪಿಚ್ ಕೋನಿನ ಶಿಖರ ಶಾಫ್ಟ್‌ಗಳು ಸೇರುವ ಬಿಂದುವಿಗೆ ಬರಲ್ಲ. ಜೋಡಿಸಿ ಹಲ್ಲಿಗೆ ಪ್ರಷ್ಯನ್ ಬ್ಲೂ ಬಳಿದು ಕೈಯಲ್ಲಿ ತಿರುಗಿಸಿ ನೋಡಿದರೆ ಗುರುತು ಹಲ್ಲಿನ ಮಧ್ಯದಲ್ಲಿ ಬೀಳದೆ ಒಂದು ತುದಿಯಲ್ಲಿ ಮಾತ್ರ ಬೀಳುತ್ತೆ. ಹಾಗೇ ಓಡಿಸಿದರೆ ಮೊದಲು ಸದ್ದು, ಆಮೇಲೆ ಆ ತುದಿಯ ಹಲ್ಲಿನ ಮೂಲೆ ಮುರಿಯೋದು. ಕಾರಣ ಹುಡುಕುವವರು ಬೇರಿಂಗ್ ಬದಲಾಯಿಸ್ತಾರೆ, ಗ್ರೀಸ್ ಹಾಕ್ತಾರೆ. ಬ್ಲ್ಯಾಂಕಿನ ವ್ಯಾಸದ ಮೇಲೆ ಯಾರಿಗೂ ಅನುಮಾನ ಬರಲ್ಲ.

ಲೇತಿನ ಹತ್ತಿರ ಇನ್ನೊಂದು ಗೊಂದಲ ಕಾಯ್ತಾ ಇರುತ್ತೆ. ಪಿಚ್ ಕೋನ್ ಆಂಗಲ್ 71.57 ಬಂತು ಅಂತ ಬ್ಲ್ಯಾಂಕಿನ ಮುಖವನ್ನ ಅದೇ ಕೋನಕ್ಕೆ ತಿರುಗಿಸುವಂತಿಲ್ಲ. ಪಿಚ್ ಕೋನ್ ಲೋಹದ ಯಾವ ಮೇಲ್ಮೈಯೂ ಅಲ್ಲ, ಅದು ಹಲ್ಲಿನ ಅರ್ಧ ಎತ್ತರದಲ್ಲಿ ಎಲ್ಲೋ ಹಾದುಹೋಗುವ ಕಲ್ಪನೆಯ ಶಂಕು. ಬ್ಲ್ಯಾಂಕಿನ ಮುಖ ಹಲ್ಲಿನ ತುದಿಗಳ ಶಂಕು. ಹಲ್ಲಿನ ತುದಿಗಳೂ ಅದೇ ಶಿಖರಕ್ಕೆ ಸೇರುವ ಮಾದರಿಯಲ್ಲಿ, ಅದು 3 ನ್ನು 75.89 ರಿಂದ ಭಾಗಿಸಿದ ಟ್ಯಾನ್‌ನ ಕೋನದಷ್ಟು, ಅಂದರೆ 2.26 ಡಿಗ್ರಿಯಷ್ಟು ಹೆಚ್ಚು: 73.83 ಡಿಗ್ರಿ. ಲೆಕ್ಕದಲ್ಲಿ ಬಂದ ಕೋನ ಒಂದು, ಲೇತಿಗೆ ಕೊಡಬೇಕಾದ ಕೋನ ಇನ್ನೊಂದು. ಡ್ರಾಯಿಂಗಿನಲ್ಲಿ ಎರಡನ್ನೂ ಬೇರೆ ಬೇರೆ ಬರೆಯಬೇಕು.

ಗೇರ್ ಕೈಗೆ ಕೊಟ್ಟು ಕೇಳಿ

ನಮ್ಮ ಪ್ರಶ್ನೆಪತ್ರಿಕೆಗಳಲ್ಲಿ ಯಾವಾಗಲೂ ಹಲ್ಲು ಮತ್ತು ಮಾಡ್ಯೂಲ್ ಕೊಟ್ಟು ವ್ಯಾಸ ಕೇಳ್ತಾರೆ. ಹೊರಗಿನ ಜಗತ್ತಿನಲ್ಲಿ ಪ್ರಶ್ನೆ ತಿರುಗಾಮುರುಗಾ ಇರುತ್ತೆ. ಮುರಿದ ಗೇರ್ ಒಂದನ್ನ ಮೇಜಿನ ಮೇಲಿಟ್ಟು "ಇದರ ಹಾಗೇ ಇನ್ನೊಂದು ಬೇಕು" ಅಂತಾರೆ. ಹಲ್ಲು ಎಣಿಸಬಹುದು, ಹೊರವ್ಯಾಸ ಅಳೆಯಬಹುದು. ಮಾಡ್ಯೂಲ್ ಎಷ್ಟು?

ನಮ್ಮ 48 ಹಲ್ಲಿನ ಗೇರನ್ನೇ ಕೊಟ್ಟರು ಅಂದುಕೊಳ್ಳಿ. ವರ್ನಿಯರ್ 145.9 ತೋರಿಸುತ್ತೆ. ಸ್ಪರ್ ಗೇರಿನ ಅಭ್ಯಾಸದಲ್ಲಿ 50 ರಿಂದ ಭಾಗಿಸಿದರೆ 2.918. ಇಂಥ ಮಾಡ್ಯೂಲ್ ಸ್ಟ್ಯಾಂಡರ್ಡ್ ಪಟ್ಟಿಯಲ್ಲಿ ಇಲ್ಲ. ಆಗ ಶುರುವಾಗುತ್ತೆ ಊಹೆ: ಇಂಚಿನ ಲೆಕ್ಕದ ಗೇರ್ ಇರಬಹುದಾ? ಮಾಡ್ಯೂಲ್ 3, ಸವೆದು ಹೀಗಾಗಿದೆಯಾ? ಆದರೆ ಗೇರ್ ಸವೆಯುವುದು ಹಲ್ಲಿನ ಪಕ್ಕಗಳಲ್ಲಿ, ತುದಿಯಲ್ಲಲ್ಲ. ವ್ಯಾಸದಲ್ಲಿ ನಾಲ್ಕು ಮಿ.ಮೀ. ಸವೆಯೋದು ಸಾಧ್ಯವೇ ಇಲ್ಲ. ಸರಿಯಾದ ದಾರಿ ಒಂದೇ, ಅದರ ಜೊತೆಗಾರನ ಹಲ್ಲು ಎಷ್ಟು ಅಂತ ಕೇಳೋದು. 16 ಅಂದರೆ ಆಯತ ಬಿಡಿಸಿ, ಕೋನ ತೆಗೆದು, 145.9 ನ್ನು 48 + 2 cos 71.57°, ಅಂದರೆ 48.63 ರಿಂದ ಭಾಗಿಸಿ. ಸರಿಯಾಗಿ 3 ಬರುತ್ತೆ. ಜೊತೆಗಾರ ಕಳೆದುಹೋಗಿದ್ದರೆ ಹಲ್ಲಿನ ತುದಿಗಳ ಶಂಕುವಿನ ಕೋನ ಅಳೆದು ಅಂದಾಜು ಮಾಡಬೇಕಾಗುತ್ತೆ. ಹಲ್ಲು ಮತ್ತು ವ್ಯಾಸ ಎರಡೇ ಇಟ್ಟುಕೊಂಡು ಒಂಟಿ ಬೆವೆಲ್ ಗೇರಿನ ಮಾಡ್ಯೂಲನ್ನ ಖಚಿತವಾಗಿ ಹೇಳೋಕಾಗಲ್ಲ.

"ಸಾಫ್ಟ್‌ವೇರ್ ಇದೆಯಲ್ಲ?"

ಇದಕ್ಕೆ ಬರುವ ಉತ್ತರ ನಮಗೆ ಗೊತ್ತು. ಕ್ಯಾಡ್‌ನಲ್ಲಿ ಹಲ್ಲು, ಮಾಡ್ಯೂಲ್ ಟೈಪ್ ಮಾಡಿದರೆ ಗೇರ್ ತಾನಾಗಿ ಬರುತ್ತೆ, ಇನ್ನು ಈ ಆಯತ ಯಾಕೆ ಅಂತ. ಒಪ್ಪೋಣ, ಗಣಿತ ಮಾಡಲು ಕಂಪ್ಯೂಟರ್ ಸಾಕು. ಆದರೆ ಅದು ನಮ್ಮ ಇದೇ ಜೋಡಿಗೆ ಪಿನಿಯನ್ನಿನ ಹೊರವ್ಯಾಸ 56.02, ಗೇರಿನದ್ದು 145.12 ಅಂತ ತೋರಿಸಿದರೆ ಏನು ಮಾಡ್ತೀರಿ? ನಿಮ್ಮ ನೋಟ್ಸಿನಲ್ಲಿ 53.69, 145.90 ಇದೆ. ಯಾವುದು ಸರಿ?

ಎರಡೂ ಸರಿ. ನಾವು ಇಲ್ಲಿಯವರೆಗೆ ಎರಡೂ ಗೇರಿಗೆ ಅಡೆಂಡಮ್ ಒಂದು ಮಾಡ್ಯೂಲ್ ಅಂತ ಹಿಡಿದೆವು. ಗ್ಲೀಸನ್ ಪದ್ಧತಿಯಲ್ಲಿ ಹಾಗಲ್ಲ. ಹಲ್ಲು ಕಮ್ಮಿಯಿರುವ ಪಿನಿಯನ್ ಬಲಹೀನ, ಅದರ ಹಲ್ಲಿನ ಬುಡ ಕೊರೆದುಹೋಗುವ ಭಯ ಇರುತ್ತೆ. ಅದಕ್ಕೆ ಪಿನಿಯನ್ನಿಗೆ ಉದ್ದ ಅಡೆಂಡಮ್, ಗೇರಿಗೆ ಗಿಡ್ಡ ಅಡೆಂಡಮ್ ಕೊಡ್ತಾರೆ. ಒಟ್ಟು ಮಾತ್ರ ಅದೇ 2m. 90 ಡಿಗ್ರಿ ಜೋಡಿಗೆ ಗೇರಿನ ಅಡೆಂಡಮ್ 0.54m ಮತ್ತು 0.46m ನ್ನು ಅನುಪಾತದ ವರ್ಗದಿಂದ ಭಾಗಿಸಿದ್ದರ ಮೊತ್ತ. ನಮ್ಮ ಅನುಪಾತ 3, ಹಾಗಾಗಿ ಗೇರಿಗೆ 1.77, ಉಳಿದ 4.23 ಪಿನಿಯನ್ನಿಗೆ. ಈಗ ಅದೇ ಆಯತದಲ್ಲಿ, P ಬಿಂದುವಿನ ಅದೇ ಲಂಬಗೆರೆಯಲ್ಲಿ 3 ಮತ್ತು 3 ರ ಬದಲು 4.23 ಮತ್ತು 1.77 ಹಾಕಿ. ಅದೇ ಕಾಸ್‌ಗಳಿಂದ ಗುಣಿಸಿ ಎರಡರಷ್ಟು ಮಾಡಿದರೆ 56.02 ಮತ್ತು 145.12 ಬಂದುಬಿಡುತ್ತೆ. ಪಿಚ್ ಕೋನ್ ಆಂಗಲ್ ಕೂದಲೆಳೆಯಷ್ಟೂ ಬದಲಾಗಿಲ್ಲ.

m(z + 2 cos δ) ಅಂತ ಬಾಯಿಪಾಠ ಮಾಡಿದವರು ಇಲ್ಲಿ ಸಾಫ್ಟ್‌ವೇರ್ ತಪ್ಪು ಅಂತಾರೆ, ಇಲ್ಲ ಪುಸ್ತಕ ತಪ್ಪು ಅಂತಾರೆ. ಆಯತ ಗೊತ್ತಿದ್ದವರು "ಅಡೆಂಡಮ್ ಎಷ್ಟು ಹಿಡಿದಿದೆ?" ಅಂತ ಒಂದೇ ಪ್ರಶ್ನೆ ಕೇಳಿ ಮುಗಿಸ್ತಾರೆ. ಶಾಫ್ಟ್‌ಗಳ ಕೋನ 90 ಅಲ್ಲದಿದ್ದಾಗಲೂ ಹೀಗೇ. ಆಗ ಆಯತ ಓರೆಯಾಗುತ್ತೆ, tan δ1 = z1/z2 ಅನ್ನೋದು ಸತ್ತುಹೋಗುತ್ತೆ, ಅದರ ಜಾಗಕ್ಕೆ ಬೇರೆ ಸೂತ್ರ ಬರುತ್ತೆ. ಆದರೆ ಕೋನ ಒಮ್ಮೆ ಸಿಕ್ಕ ಮೇಲೆ ಹೊರವ್ಯಾಸದ ಕಾಸ್ ಹಾಗೇ ಉಳಿಯುತ್ತೆ, ಯಾಕಂದ್ರೆ ಅಡೆಂಡಮ್ ಈಗಲೂ ಶಂಕುವಿನ ಮೈಗೆ ಲಂಬವಾಗೇ ನಿಂತಿದೆ. ಯಾವುದು ಎಲ್ಲಿಯವರೆಗೆ ನಡೆಯುತ್ತೆ ಅನ್ನೋದು ಸೂತ್ರ ನೋಡಿದರೆ ಕಾಣಲ್ಲ, ಚಿತ್ರ ನೋಡಿದರೆ ಕಾಣುತ್ತೆ.

ಹಾಗಾಗಿ ನಾವು ಕೇಳೋದು ಎರಡೇ. ಡಿಸೈನ್ ಪರೀಕ್ಷೆಯಲ್ಲಿ ಬೆವೆಲ್ ಗೇರಿನ ಪ್ರಶ್ನೆಯ ಮೊದಲ ಭಾಗ ಆಯತ ಬಿಡಿಸಿ ಎರಡೂ ಅಡೆಂಡಮ್ ಗುರುತಿಸುವುದಾಗಿರಲಿ, ಅದಕ್ಕೆ ಮಾರ್ಕ್ಸ್ ಇರಲಿ. ಲ್ಯಾಬಿನಲ್ಲಿ ಒಂದು ನಿಜವಾದ ಬೆವೆಲ್ ಜೋಡಿ ಕೊಡಲಿ. ಹಳೇ ಕಾರಿನ ಡಿಫರೆನ್ಷಿಯಲ್ ಬಿಚ್ಚಿದರೆ ಒಳಗೆ ನೇರ ಹಲ್ಲಿನ ಬೆವೆಲ್‌ಗಳು ಸಿಗುತ್ತವೆ, ಗುಜರಿಯಲ್ಲಿ ಅವಕ್ಕೇನು ಬರವಿಲ್ಲ. ಹಲ್ಲು ಎಣಿಸಿ, ಎರಡರ ಹೊರವ್ಯಾಸವನ್ನೂ ಅಳೆದು, ಮಾಡ್ಯೂಲ್ ಎಷ್ಟು, ಅಡೆಂಡಮ್ ಸಮವೋ ಅಸಮವೋ ಅಂತ ಹೇಳಿ ಅನ್ನಲಿ. ಆ ದಿನ ಡೇಟಾ ಹ್ಯಾಂಡ್‌ಬುಕ್ ಬ್ಯಾಗಿನಲ್ಲೇ ಇರಲಿ. ಒಂದು ವರ್ನಿಯರ್, ಒಂದು ಕಾಗದ, ಒಂದು ಆಯತ ಸಾಕು.